ಥೀಸಿಸ್ ಮುಗಿದ ಮೇಲೆ ಊರಿನವರಿಗೆ ಪತ್ರ ಬರೆಯುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಅಧ್ಯಯನ ಮುಗಿದ ಮೇಲೆ ಊರಿನವರಿಗೆ ಕೊಡಲೆಂದು ವಿದ್ಯಾರ್ಥಿಗಳು ಬರೆದು ತರುವ ಪತ್ರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಥೀಸಿಸ್‌ನ ಸಾರಾಂಶವನ್ನೇ ಕನ್ನಡಕ್ಕೆ ಇಳಿಸಿ, ಮೇಲೆ "ಪ್ರಿಯ ಗ್ರಾಮಸ್ಥರೇ" ಅಂತ ಸೇರಿಸಿರುತ್ತಾರೆ. ಪದ ಸುಲಭ ಮಾಡಿದರೂ ಅದು ಊರಿನವರಿಗೆ ಉಪಯೋಗಕ್ಕೆ ಬರುವುದಿಲ್ಲ. ಸಾರಾಂಶ ಪರೀಕ್ಷಕರ ಪ್ರಶ್ನೆಗೆ ಉತ್ತರ ಕೊಡುತ್ತದೆ. ಊರಿನವರ ಪ್ರಶ್ನೆಗಳೇ ಬೇರೆ.

ಈ ಮಾರ್ಗದರ್ಶಿಯಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಬಾಗೇಪಲ್ಲಿ ತಾಲ್ಲೂಕಿನ ಮೂರು ಊರುಗಳು, 12ರಿಂದ 14 ವರ್ಷದ 240 ಶಾಲಾ ಮಕ್ಕಳು, ಬೋರ್‌ವೆಲ್ ನೀರಿನ ಫ್ಲೋರೈಡ್ ಮತ್ತು ಹಲ್ಲಿನ ಕಲೆ. ಅಧ್ಯಯನವೂ ಅಂಕಿಗಳೂ ತೋರಿಸುವುದಕ್ಕೆಂದು ನಾನೇ ಕಟ್ಟಿದ್ದು. ಸಮಸ್ಯೆ ಮಾತ್ರ ನಿಜ. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಕೆಲಸ ಮಾಡಿದವರಿಗೆ ಅದು ಗೊತ್ತೇ ಇರುತ್ತದೆ.

## ಬರೆಯಲು ಕೂರುವ ಮೊದಲು ಬೇಕಾದವು

ಮೇಜಿನ ಮೇಲೆ ನಾಲ್ಕು ವಸ್ತು ಇರಲಿ. ಪೋಷಕರು ಸಹಿ ಮಾಡಿದ ಒಪ್ಪಿಗೆ ಪತ್ರದ ಒಂದು ಖಾಲಿ ಪ್ರತಿ, ಫೀಲ್ಡ್‌ನಲ್ಲಿ ಬರೆದಿಟ್ಟ ನೋಟ್‌ಬುಕ್, ತಿದ್ದುಪಡಿ ಮುಗಿದ ಅಂತಿಮ ಕೋಷ್ಟಕಗಳು, ಮತ್ತು ಎಥಿಕ್ಸ್ ಕಮಿಟಿಯ ಅನುಮತಿ ಪತ್ರ. ಕೋಷ್ಟಕ ಅಂತಿಮವಾಗಿರಬೇಕು. ವೈವಾದಲ್ಲಿ ಪರೀಕ್ಷಕರು ಒಂದು ಅಂಕಿ ಬದಲಾಯಿಸಿ ಅಂದರೆ ಊರಿಗೆ ಹೋದ ಪತ್ರವನ್ನು ವಾಪಸ್ ತರಲಾಗದು. ಹಾಗಂತ ಪದವಿ ಪ್ರಮಾಣಪತ್ರ ಬರುವವರೆಗೂ ಕಾಯಬೇಡಿ. ಅಷ್ಟರಲ್ಲಿ ಕೆಲಸ ಸಿಕ್ಕು ಬೇರೆ ಊರಿಗೆ ಹೋಗಿರುತ್ತೀರಿ, ಪತ್ರ ಹಾಗೇ ಉಳಿದುಬಿಡುತ್ತದೆ.

ಒಂದು ವಿಷಯ ಮಾತ್ರ ಕಾಯುವಂಥದ್ದಲ್ಲ. ಯಾವುದಾದರೂ ಬೋರ್‌ನಲ್ಲಿ ಫ್ಲೋರೈಡ್ ತೀರಾ ಜಾಸ್ತಿ ಬಂದಿದ್ದರೆ, ಆ ವರದಿ ಕೈಗೆ ಬಂದ ವಾರದಲ್ಲೇ ಪಿಡಿಒ ಅವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಪತ್ರ ಬರೆಯುವ ಹೊತ್ತಿಗೆ ಅದು ಇನ್ನೂ ನಿಮ್ಮ ಫೈಲ್‌ನಲ್ಲೇ ಇದ್ದರೆ, ಇವತ್ತೇ ಗೈಡ್‌ಗೆ ಹೇಳಿ ಅದನ್ನು ಮೊದಲು ಕಳಿಸಿ. ಪತ್ರ ಆಮೇಲೆ.

## ಹಂತ 1: ಒಪ್ಪಿಗೆ ಪತ್ರದಲ್ಲಿ ಏನು ಮಾತು ಕೊಟ್ಟಿದ್ದೀರಿ, ನೋಡಿ

ಒಪ್ಪಿಗೆ ಪತ್ರದಲ್ಲಿ "ಹೆಸರು ಎಲ್ಲೂ ಹೊರಬರುವುದಿಲ್ಲ" ಅಂತ ಬರೆದಿರುತ್ತೀರಿ. "ನಿಮ್ಮ ಮಗುವಿನ ಹಲ್ಲಿನ ಫಲಿತಾಂಶ ತಿಳಿಸುತ್ತೇವೆ" ಅಂತಲೂ ಬರೆದಿದ್ದರೆ, ಅದನ್ನು ಈ ಪತ್ರದಲ್ಲಿ ತೀರಿಸಲಾಗದು. ಅದು ಪ್ರತಿ ಮನೆಗೂ ಬೇರೆ ಬೇರೆ, ಮುಚ್ಚಿದ ಲಕೋಟೆಯಲ್ಲಿ ಹೋಗಬೇಕಾದದ್ದು. ಎರಡನ್ನೂ ಒಂದೇ ಹಾಳೆಯಲ್ಲಿ ಸೇರಿಸುವುದು ದೊಡ್ಡ ಎಡವಟ್ಟು. ಪಕ್ಕದ ಮನೆಯವರು "ನಿಮ್ಮ ಹಾಳೇಲಿ ಏನಿದೆ ತೋರ್ಸಿ" ಅಂದರೆ ತೋರಿಸದೆ ಇರುವುದು ಕಷ್ಟ ಅಲ್ವಾ?

ಪೋಷಕರ ಫೋನ್ ನಂಬರನ್ನು ಯಾವ ಉದ್ದೇಶಕ್ಕೆ ಪಡೆದಿದ್ದೀರಿ ಅಂತಲೂ ನೋಡಿ. ಪರೀಕ್ಷೆಯ ದಿನಾಂಕ ತಿಳಿಸಲು ಮಾತ್ರ ಅಂತ ಹೇಳಿ ಪಡೆದಿದ್ದರೆ, ಈಗ ಅದಕ್ಕೆ ಪತ್ರ ಕಳಿಸುವಂತಿಲ್ಲ. ಕೊನೆಗೆ, ಪತ್ರದ ಕರಡನ್ನು ಎಥಿಕ್ಸ್ ಕಮಿಟಿಗೆ ತೋರಿಸಬೇಕಾ ಅಂತ ಗೈಡ್ ಮೂಲಕ ಕೇಳಿ. ತೋರಿಸಿ ಅಂದರೆ ಅವರ ಒಪ್ಪಿಗೆ ಬರುವವರೆಗೆ ಅಚ್ಚು ಹಾಕಿಸಬೇಡಿ.

## ಹಂತ 2: ಊರಿನವರು ಕೇಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿ

ಈ ಹಂತ ಬಿಟ್ಟರೆ ಪತ್ರ ಮತ್ತೆ ಸಾರಾಂಶವೇ ಆಗುತ್ತದೆ. ಫೀಲ್ಡ್ ನೋಟ್‌ಬುಕ್ ತೆರೆದು, ಮಕ್ಕಳ ಹಲ್ಲು ನೋಡುವಾಗ, ನೀರು ಹಿಡಿಯುವಾಗ ಜನ ಏನೇನು ಕೇಳಿದರು ಅನ್ನುವುದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಇಂಥ ಅಧ್ಯಯನದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಇವು: ನಮ್ಮ ಬೋರ್ ನೀರು ಕುಡಿಯಬಹುದಾ? ಕಾಯಿಸಿದರೆ ಸರಿಹೋಗುತ್ತಾ? ಮಗಳ ಹಲ್ಲಿನ ಕಲೆ ಹೋಗುತ್ತಾ? ನನ್ನ ಮಂಡಿನೋವೂ ಇದರಿಂದಲೇನಾ?

ಈ ನಾಲ್ಕಕ್ಕೂ ನಿಮ್ಮ ಅಧ್ಯಯನ ಉತ್ತರ ಕೊಟ್ಟಿದೆಯಾ ಅಂತ ಪ್ರತಿ ಪ್ರಶ್ನೆಯ ಮುಂದೆ ಗುರುತು ಹಾಕಿ. ಮೊದಲನೆಯದಕ್ಕೆ ಉತ್ತರ ಇದೆ, ನೀರು ಪರೀಕ್ಷೆ ಮಾಡಿಸಿದ್ದೀರಿ. ಎರಡು ಮತ್ತು ಮೂರಕ್ಕೆ ನೀವು ಹೊಸದಾಗಿ ಏನೂ ಕಂಡುಹಿಡಿದಿಲ್ಲ, ಆದರೆ ಮೊದಲೇ ತಿಳಿದಿರುವ ಉತ್ತರ ಇದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ. ಹಲ್ಲಿನ ಕಲೆ ಉಜ್ಜಿದರೆ ಹೋಗುವುದಿಲ್ಲ, ದಂತವೈದ್ಯರು ಅದನ್ನು ತಿಳಿಯಾಗಿಸಬಹುದು ಅಥವಾ ಮುಚ್ಚಬಹುದು. ನಾಲ್ಕನೆಯದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ. ವರ್ಷಗಟ್ಟಲೆ ತುಂಬಾ ಜಾಸ್ತಿ ಫ್ಲೋರೈಡ್ ಕುಡಿದರೆ ಮೂಳೆ, ಕೀಲಿಗೂ ತೊಂದರೆ ಆಗುವುದು ನಿಜ. ಆದರೆ ನೀವು ನೋಡಿದ್ದು ಮಕ್ಕಳ ಹಲ್ಲು. ಯಾರ ಮಂಡಿಯನ್ನೂ ಪರೀಕ್ಷಿಸಿಲ್ಲ. ಪತ್ರದಲ್ಲಿ ಅಷ್ಟನ್ನೇ ಹೇಳಿ, ವೈದ್ಯರಿಗೆ ತೋರಿಸಲು ಹೇಳಿ.

ಪತ್ರದ ಕ್ರಮವೂ ಈ ಪಟ್ಟಿಯಿಂದಲೇ ಬರುತ್ತದೆ. ಜಾಸ್ತಿ ಜನ ಕೇಳಿದ ಪ್ರಶ್ನೆಯ ಉತ್ತರ ಮೊದಲು. ಅಧ್ಯಯನ ಹೇಗೆ ಮಾಡಿದಿರಿ ಅನ್ನುವುದು ಆಮೇಲೆ, ಮೂರು ನಾಲ್ಕು ಸಾಲಲ್ಲಿ.

## ಹಂತ 3: ಅಂಕಿಗಳನ್ನು ಎಣಿಕೆಗೆ ತಿರುಗಿಸಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ನಮ್ಮ ಉದಾಹರಣೆಯ ಕೋಷ್ಟಕ ಹೀಗಿದೆ ಅಂದುಕೊಳ್ಳಿ. 8 ವರ್ಷ ತುಂಬುವವರೆಗೂ ಬೋರ್ ನೀರನ್ನೇ ಕುಡಿದ ಮಕ್ಕಳು 150, ಅವರಲ್ಲಿ 78 ಮಕ್ಕಳಿಗೆ ಕಲೆ ಇದೆ. ಅದಕ್ಕೂ ಮೊದಲೇ ಫಿಲ್ಟರ್ ನೀರಿಗೆ ಬದಲಾದವರು 90, ಅವರಲ್ಲಿ 18 ಮಕ್ಕಳಿಗೆ ಕಲೆ. ಎಂಟು ವರ್ಷದ ಲೆಕ್ಕ ಯಾಕೆಂದರೆ, ಕಾಣುವ ಹಲ್ಲುಗಳ ಮೇಲ್ಪದರ ಒಸಡಿನ ಒಳಗೇ ಬೆಳೆಯುವುದು ಸುಮಾರು ಆ ವಯಸ್ಸಿನ ತನಕ. ಕಲೆ ಬೀಳುವುದೂ ಆಗಲೇ. ಆಮೇಲೆ ನೀರು ಬದಲಾಯಿಸಿದರೆ ಬಂದ ಕಲೆ ಹೋಗುವುದಿಲ್ಲ.

ಥೀಸಿಸ್‌ನಲ್ಲಿ ಇದು "ಆಡ್ಸ್ ರೇಷಿಯೊ 4.3" ಅಂತ ಇರುತ್ತದೆ. ಕಲೆ ಇರುವ 78ನ್ನು ಕಲೆ ಇಲ್ಲದ 72ರಿಂದ, ಹಾಗೆಯೇ 18ನ್ನು 72ರಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ವಿದ್ಯಾರ್ಥಿಗಳು ಇದನ್ನು "ಬೋರ್ ನೀರು ಕುಡಿದವರಲ್ಲಿ ನಾಲ್ಕು ಪಟ್ಟು ಜಾಸ್ತಿ ಮಕ್ಕಳಿಗೆ ಕಲೆ" ಅಂತ ಬರೆದುಬಿಡುತ್ತಾರೆ. ಇದು ತಪ್ಪು. ಬೋರ್ ನೀರಿನವರಲ್ಲಿ 100ಕ್ಕೆ 52, ಫಿಲ್ಟರ್ ನೀರಿನವರಲ್ಲಿ 100ಕ್ಕೆ 20. ಅಂದರೆ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಲೆ ಇಷ್ಟು ಸಾಮಾನ್ಯವಾಗಿರುವ ಕಡೆ ಆಡ್ಸ್ ರೇಷಿಯೊ ಯಾವಾಗಲೂ ವ್ಯತ್ಯಾಸವನ್ನು ದೊಡ್ಡದು ಮಾಡಿ ತೋರಿಸುತ್ತದೆ. ಊರಿಗೆ ಬರೆಯುವ ಪತ್ರದಲ್ಲಿ ಅದು ಬೇಡವೇ ಬೇಡ.

ಹೀಗೆ ಬರೆಯಿರಿ: "ಬೋರ್ ನೀರು ಕುಡಿದು ಬೆಳೆದ 10 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಕಲೆ ಇತ್ತು. ಚಿಕ್ಕಂದಿನಲ್ಲೇ ಫಿಲ್ಟರ್ ನೀರಿಗೆ ಬದಲಾದ 10 ಮಕ್ಕಳಲ್ಲಿ 2 ಮಕ್ಕಳಿಗೆ ಇತ್ತು." ಎರಡೂ ಕಡೆ 10 ಇರುವುದನ್ನು ಗಮನಿಸಿ. "ಇಬ್ಬರಲ್ಲಿ ಒಬ್ಬರಿಗೆ" ಮತ್ತು "ಐವರಲ್ಲಿ ಒಬ್ಬರಿಗೆ" ಅಂತ ಬರೆದರೂ ಲೆಕ್ಕ ಸರಿಯೇ. ಆದರೆ ಕಿವಿಗೆ ಕೇಳಿದಾಗ ಐದು ಅನ್ನುವುದೇ ದೊಡ್ಡದಾಗಿ ಕೇಳಿಸುತ್ತದೆ. ಜನ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾರೆ.

ಪಿ-ವ್ಯಾಲ್ಯೂಗೂ ಇಲ್ಲಿ ಜಾಗ ಇಲ್ಲ. ಹುಡುಗರು, ಹುಡುಗಿಯರ ನಡುವೆ ಗಣನೀಯ ವ್ಯತ್ಯಾಸ ಸಿಗಲಿಲ್ಲ ಅಂತಿದ್ದರೆ "ನಾವು ನೋಡಿದ ಮಕ್ಕಳಲ್ಲಿ ಹುಡುಗರಿಗೆ ಜಾಸ್ತಿ, ಹುಡುಗಿಯರಿಗೆ ಕಡಿಮೆ ಅಂತ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ" ಅನ್ನಿ. "ವ್ಯತ್ಯಾಸವೇ ಇಲ್ಲ" ಅನ್ನಬೇಡಿ. ಅಷ್ಟು ನಿಮ್ಮ ಅಧ್ಯಯನ ಸಾಬೀತು ಮಾಡಿಲ್ಲ.

ಮಿತಿಗಳನ್ನೂ ಇಲ್ಲೇ ಬರೆದುಕೊಳ್ಳಿ. ಮಗು ಚಿಕ್ಕದಿದ್ದಾಗ ಯಾವ ನೀರು ಕುಡಿಯಿತು ಅನ್ನುವುದು ಅಮ್ಮಂದಿರ ನೆನಪಿನಿಂದ ಬಂದದ್ದು. ನೋಡಿದ್ದು ಸರ್ಕಾರಿ ಶಾಲೆಗೆ ಬರುವ ಮಕ್ಕಳನ್ನು ಮಾತ್ರ. ನೀರು ಹಿಡಿದದ್ದು ಬೇಸಿಗೆಯಲ್ಲಿ, ಒಂದೇ ಸಲ. ಈ ಮೂರನ್ನೂ ಪತ್ರದಲ್ಲಿ ಹೇಳಲೇಬೇಕು.

## ಹಂತ 4: ನೀರಿನ ಲೆಕ್ಕ ಬೋರ್‌ವಾರು, ಹಲ್ಲಿನ ಲೆಕ್ಕ ಒಟ್ಟಾಗಿ

ಬೋರ್ ಊರಿನದು. ಯಾವ ಬೋರ್‌ನಲ್ಲಿ ಎಷ್ಟಿದೆ ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು. "12 ಬೋರ್‌ಗಳಲ್ಲಿ 7ರಲ್ಲಿ ಮಿತಿ ಮೀರಿದೆ" ಅಂತ ಬರೆದರೆ ಯಾರಿಗೂ ಪ್ರಯೋಜನವಿಲ್ಲ, ಬಿಂದಿಗೆ ಹಿಡಿದು ನಿಂತವರಿಗೆ ಬೇಕಾದದ್ದು ತಮ್ಮ ಬೋರ್‌ನ ಹೆಸರು. ಜನ ಕರೆಯುವ ಹೆಸರಲ್ಲೇ ಬರೆಯಿರಿ: ಶಾಲೆ ಹಿಂದಿನ ಬೋರ್, ಕೆರೆ ಏರಿ ಬೋರ್, ದೇವಸ್ಥಾನದ ಮಿನಿ ಟ್ಯಾಂಕ್. ನಿಮ್ಮ ಸ್ಯಾಂಪಲ್ ಸಂಖ್ಯೆ ಅವರಿಗೆ ಬೇಡ. ಯಾವ ಟ್ಯಾಂಕ್‌ಗೆ ಯಾವ ಬೋರ್ ನೀರು ಹತ್ತುತ್ತದೆ ಅಂತ ನೀರುಗಂಟಿಯನ್ನು ಕೇಳಿ ಖಚಿತ ಮಾಡಿಕೊಳ್ಳಿ. ನೀವು ಸ್ಯಾಂಪಲ್ ಹಿಡಿದ ಮೇಲೆ ಪೈಪ್ ಬದಲಾಗಿರಬಹುದು.

ಹಲ್ಲು ಮಕ್ಕಳದು. ಅದನ್ನು ಬೀದಿವಾರು, ಊರುವಾರು ಕೊಟ್ಟರೆ ಅಪಾಯ. "ಕೆರೆ ಏರಿ ಬೀದಿಯ 4 ಹುಡುಗಿಯರಿಗೆ ತೀವ್ರ ಕಲೆ" ಅಂದರೆ ಆ ನಾಲ್ವರು ಯಾರು ಅಂತ ಊರಿಗೆಲ್ಲ ತಕ್ಷಣ ಗೊತ್ತಾಗುತ್ತದೆ. ನಾಳೆ ಸಂಬಂಧ ನೋಡಲು ಬಂದವರ ಕಿವಿಗೂ ಅದು ಬೀಳುತ್ತದೆ. ಹಾಗಾಗಿ ಮೂರು ಊರಿನ ಮಕ್ಕಳ ಲೆಕ್ಕವನ್ನು ಒಟ್ಟಿಗೆ ಕೊಡಿ. ಐದಕ್ಕಿಂತ ಕಡಿಮೆ ಮಕ್ಕಳಿರುವ ಯಾವ ಗುಂಪನ್ನೂ ಬಿಡಿಯಾಗಿ ಹೆಸರಿಸಬೇಡಿ. ಫೋಟೊ ಬೇಡ. ಬಾಯಿ ಮಾತ್ರ ಕಾಣುವ ಫೋಟೊ ಕೂಡ ಬೇಡ, ಮೂರು ಊರಲ್ಲಿ ಹಲ್ಲು ನೋಡಿಯೇ ಗುರುತು ಹಿಡಿಯುತ್ತಾರೆ.

## ಹಂತ 5: ಪತ್ರ ಬರೆಯಿರಿ

ಎ4 ಹಾಳೆಯ ಎರಡು ಬದಿಗೆ ಸಾಕಾಗುವಷ್ಟಿರಲಿ. ಅಕ್ಷರ 14ರ ಅಳತೆಗಿಂತ ಚಿಕ್ಕದು ಬೇಡ. ಒಂದು ವಾಕ್ಯದಲ್ಲಿ ಒಂದೇ ವಿಷಯ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್‌ವರೆಗೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಪತ್ರದಲ್ಲಿ ಈ ಎರಡನ್ನು ಬಿಟ್ಟು ಮೂರನೇ ಮಿತಿ ತರಬೇಡಿ.

ಪೂರ್ತಿ ಮಾದರಿ ಇಲ್ಲಿದೆ:

> ಊರಿನ ಎಲ್ಲರಿಗೂ ನಮಸ್ಕಾರ.
>
> ಹೋದ ವರ್ಷ ನಿಮ್ಮ ಮಕ್ಕಳ ಹಲ್ಲು ನೋಡಲು, ಬೋರ್ ನೀರು ಪರೀಕ್ಷೆ ಮಾಡಲು ನಾವು ಬಂದಿದ್ದೆವು. ಆ ಕೆಲಸ ಮುಗಿದಿದೆ. ಏನು ಗೊತ್ತಾಯಿತು ಅಂತ ತಿಳಿಸಲು ಈ ಪತ್ರ.
>
> ಯಾವ ನೀರು ಕುಡಿಯಬಹುದು?
> ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ಕುಡಿಯಲು, ಅಡುಗೆಗೆ ಬೇಡ. ಒಂದರ ಒಳಗಿದ್ದರೆ ಒಳ್ಳೆಯದು.
> ಶಾಲೆ ಹಿಂದಿನ ಬೋರ್: 2.4. ಕುಡಿಯಲು ಬೇಡ.
> ಕೆರೆ ಏರಿ ಬೋರ್: 1.9. ಕುಡಿಯಲು ಬೇಡ.
> ದೇವಸ್ಥಾನದ ಮಿನಿ ಟ್ಯಾಂಕ್: 0.8. ಫ್ಲೋರೈಡ್ ಮಟ್ಟಿಗೆ ಕುಡಿಯಬಹುದು.
> ಫಿಲ್ಟರ್ ನೀರು: 0.3. ಫ್ಲೋರೈಡ್ ಮಟ್ಟಿಗೆ ಕುಡಿಯಬಹುದು.
> ಕುಡಿಯಲು ಬೇಡ ಅಂದ ನೀರನ್ನು ಸ್ನಾನಕ್ಕೆ, ಬಟ್ಟೆ ಒಗೆಯಲು ಬಳಸಬಹುದು. ಮುದ್ದೆಗೆ ಎಸರಿಡಲು, ಸಾರು ಮಾಡಲು ಬೇಡ. ನೀರಿನಲ್ಲಿರುವ ಫ್ಲೋರೈಡ್ ಊಟಕ್ಕೂ ಸೇರುತ್ತದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.
>
> ಮಕ್ಕಳ ಹಲ್ಲಿನಲ್ಲಿ ಏನು ಕಂಡಿತು?
> ಮೂರು ಊರಿನ 240 ಮಕ್ಕಳನ್ನು ನೋಡಿದೆವು. 96 ಮಕ್ಕಳಿಗೆ ಕಲೆ ಇತ್ತು. ಬೋರ್ ನೀರು ಕುಡಿದು ಬೆಳೆದ 10 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಕಲೆ. ಚಿಕ್ಕಂದಿನಲ್ಲೇ ಫಿಲ್ಟರ್ ನೀರಿಗೆ ಬದಲಾದ 10 ಮಕ್ಕಳಲ್ಲಿ 2 ಮಕ್ಕಳಿಗೆ.
> ಈ ಕಲೆ ಹಲ್ಲು ಉಜ್ಜದೆ ಬಂದದ್ದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಉಜ್ಜಿದರೆ ಹೋಗುವುದಿಲ್ಲ, ಇಟ್ಟಿಗೆ ಪುಡಿಯಿಂದ ಉಜ್ಜಬೇಡಿ. ಕಲೆಯಿಂದ ಬೇಜಾರಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ.
>
> ಈಗ ಯಾರಿಗೆ ಜಾಸ್ತಿ ಗಮನ ಬೇಕು?
> 8 ವರ್ಷದ ಒಳಗಿನ ಮಕ್ಕಳಿಗೆ. ಅವರ ದೊಡ್ಡ ಹಲ್ಲು ಈಗ ಒಳಗೆ ಬೆಳೆಯುತ್ತಿದೆ. ಫಿಲ್ಟರ್ ನೀರು ಸ್ವಲ್ಪವೇ ಸಿಕ್ಕರೆ ಮೊದಲು ಅವರಿಗೆ ಕೊಡಿ.
>
> ನಮಗೆ ಗೊತ್ತಾಗದೇ ಇರುವುದು
> ದೊಡ್ಡವರ ಮಂಡಿನೋವು, ಸೊಂಟನೋವು ಈ ನೀರಿನಿಂದಲೇ ಅಂತ ನಾವು ಹೇಳಲಾರೆವು. ಅದನ್ನು ನಾವು ಪರೀಕ್ಷಿಸಿಲ್ಲ. ನೋವಿದ್ದವರು ಆಸ್ಪತ್ರೆಗೆ ತೋರಿಸಿ, ಯಾವ ನೀರು ಕುಡಿಯುತ್ತೀರಿ ಅಂತಲೂ ಡಾಕ್ಟರಿಗೆ ಹೇಳಿ. ನೀರನ್ನು ಬೇಸಿಗೆಯಲ್ಲಿ ಒಂದು ಸಲ ಮಾತ್ರ ನೋಡಿದ್ದೇವೆ. ಮಳೆಯಾದ ಮೇಲೆ ಈ ಅಂಕಿ ಬದಲಾಗಬಹುದು. ಸರ್ಕಾರಿ ಶಾಲೆಯ ಮಕ್ಕಳನ್ನು ಮಾತ್ರ ನೋಡಿದ್ದೇವೆ. ಚಿಕ್ಕಂದಿನಲ್ಲಿ ಯಾವ ನೀರು ಕುಡಿದರು ಅನ್ನುವುದನ್ನು ಮನೆಯವರ ನೆನಪಿನಿಂದ ಬರೆದುಕೊಂಡಿದ್ದೇವೆ.
>
> ನೀರಿನ ವರದಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದ್ದೇವೆ. ಹೊಸ ಬೋರ್ ಅಥವಾ ಫಿಲ್ಟರ್ ನೀರಿನ ಘಟಕ ತರುವ ಅಧಿಕಾರ ನಮಗಿಲ್ಲ. ಏನಾದರೂ ಕೇಳಬೇಕಿದ್ದರೆ ಕೆಳಗಿನ ನಂಬರಿಗೆ ಸಂಜೆ 5ರಿಂದ 7ರವರೆಗೆ ಫೋನ್ ಮಾಡಿ.

"ಫ್ಲೋರೈಡ್ ಮಟ್ಟಿಗೆ" ಅನ್ನುವ ಎರಡು ಪದ ಯಾವ ಕಾರಣಕ್ಕೂ ತೆಗೆಯಬೇಡಿ. ಆ ನೀರಿನಲ್ಲಿ ಕ್ರಿಮಿ ಇದೆಯಾ, ನೈಟ್ರೇಟ್ ಇದೆಯಾ ಅಂತ ನೀವು ನೋಡಿಲ್ಲ. ಬರೀ "ಕುಡಿಯಬಹುದು" ಅಂತ ಬರೆದು, ನಾಳೆ ಮಕ್ಕಳಿಗೆ ಭೇದಿಯಾದರೆ ಆ ಮಾತಿಗೆ ನೀವೇ ಹೊಣೆ.

ಇನ್ನೊಂದು ಎಚ್ಚರ. ಫ್ಲೋರೈಡ್‌ನಿಂದ ಕಲೆ ಬರುತ್ತದೆ ಅನ್ನುವುದು ಬಹಳ ಹಿಂದೆಯೇ ಗೊತ್ತಿದ್ದ ವಿಷಯ. ನೀವು ತೋರಿಸಿದ್ದು ಈ ಮೂರು ಊರಲ್ಲಿ ಎಷ್ಟು ಮಕ್ಕಳಿಗೆ ಇದೆ, ಯಾವ ಬೋರ್‌ನಲ್ಲಿ ಎಷ್ಟಿದೆ ಅನ್ನುವುದನ್ನು. ಫಿಲ್ಟರ್ ನೀರು ತಂದ ಮನೆಗಳು ಬೇರೆ ಬಗೆಯಲ್ಲೂ ಅನುಕೂಲ ಇದ್ದವು ಆಗಿರಬಹುದು. ಹಾಗಾಗಿ "ಫಿಲ್ಟರ್ ನೀರು ಕುಡಿದರೆ ಕಲೆ ಬರುವುದೇ ಇಲ್ಲ" ಎಂಬ ಭರವಸೆ ಪತ್ರದಲ್ಲಿ ಎಲ್ಲೂ ಬರಬಾರದು. ಫಿಲ್ಟರ್ ನೀರಿನ ಮಕ್ಕಳಲ್ಲೂ 18 ಜನಕ್ಕೆ ಕಲೆ ಇದೆಯಲ್ಲ!

## ಹಂತ 6: ಅಚ್ಚಿಗೆ ಮೊದಲು ಓದಿಸಿ ನೋಡಿ

ಅಧ್ಯಯನದಲ್ಲಿ ಇಲ್ಲದ ಮೂವರಿಗೆ ಓದಿ ಹೇಳಿ. ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ಹತ್ತನೇ ಕ್ಲಾಸ್ ಹುಡುಗ ಅಥವಾ ಹುಡುಗಿ, ಒಬ್ಬರು ಓದು ಬಾರದ ಹಿರಿಯರು. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಅಜ್ಜಿ, ಇದನ್ನ ನಿಮ್ಮ ಸೊಸೆಗೆ ಹೇಳಬೇಕಾದ್ರೆ ಹೆಂಗೆ ಹೇಳ್ತೀರಿ?" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ, ಮಧ್ಯೆ ತಿದ್ದಬೇಡಿ.

ಈ ಮಾತು ಬಂದರೆ ಪತ್ರದಲ್ಲಿ ತೊಂದರೆ ಇದೆ ಅಂತ ತಿಳಿಯಿರಿ. "ಹಂಗಾದ್ರೆ ಗವರ್ನಮೆಂಟ್ನೋರು ಹೊಸ ಬೋರ್ ಹಾಕಿಸ್ತಾರಾ" ಅಂದರೆ, ನಿಮ್ಮ ಕೈಲಿಲ್ಲದ ಆಸೆ ಹುಟ್ಟಿಸಿದ್ದೀರಿ. "ನಮ್ಮ ಹುಡುಗೀಗೆ ಖಾಯಿಲೇನಾ" ಅಂದರೆ, ಕಲೆಯ ಭಾಗ ಹೆದರಿಸುತ್ತಿದೆ. "ಜಾಸ್ತಿ ಹೊತ್ತು ಕಾಯಿಸ್ಬೇಕಂತೆ" ಅಂದರೆ, ಕಾಯಿಸುವ ಸಾಲು ತಪ್ಪು ಜಾಗದಲ್ಲಿದೆ. ಆ ಸಾಲನ್ನೇ ತಿದ್ದಿ, ಬೇರೊಬ್ಬರಿಗೆ ಓದಿ ಹೇಳಿ. ತಿದ್ದುವ ಮೊದಲು ಕೇಳಿದವರಿಗೇ ಮತ್ತೆ ಓದಿದರೆ ಪ್ರಯೋಜನವಿಲ್ಲ, ಅವರಿಗೆ ಆಗಲೇ ವಿಷಯ ಗೊತ್ತಾಗಿರುತ್ತದೆ.

## ಹಂತ 7: ಊರಿಗೆ ತಲುಪಿಸಿ

ಪತ್ರವನ್ನು ಊರಿನ ಪ್ರತಿ ಮನೆಗೂ ಕೊಡಿ. ಭಾಗವಹಿಸಿದ ಮನೆಗಳಿಗೆ ಮಾತ್ರ ಕೊಟ್ಟರೆ ಯಾರ ಮಕ್ಕಳನ್ನು ನೋಡಿದ್ದರು ಅಂತ ಕೈಯಲ್ಲಿರುವ ಹಾಳೆಯೇ ಹೇಳಿಬಿಡುತ್ತದೆ. ಇದೇ ಕಾರಣಕ್ಕೆ ಪೋಷಕರ ವಾಟ್ಸಾಪ್ ಗುಂಪು ಮಾಡಬೇಡಿ. ಸೇರಿಸಿದ ಕ್ಷಣದಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ.

ಬಾಗೇಪಲ್ಲಿ, ಪಾವಗಡ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಮಕ್ಕಳು ಪತ್ರ ಓದುತ್ತಾರೆ, ಅಜ್ಜಿ ತೆಲುಗಿನಲ್ಲಿ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಹಂಚುವ ದಿನವೇ ಒಮ್ಮೆ ಜೋರಾಗಿ ಓದಿ, ತೆಲುಗಿನಲ್ಲಿ ವಿವರಿಸುವವರು ಜೊತೆಗಿರಲಿ. ಜನ ಸೇರುವುದು ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ. ಕಾರ್ಯದರ್ಶಿಯನ್ನು ಮುಂಚೆಯೇ ಕೇಳಿ, ಹಾಲು ಅಳೆದು ಮುಗಿದ ಮೇಲೆ ಹತ್ತು ನಿಮಿಷ ತೆಗೆದುಕೊಳ್ಳಿ. ಗ್ರಾಮಸಭೆಯಲ್ಲಿ ಮಾತ್ರ ಓದಿದರೆ ಹೆಂಗಸರಿಗೆ ತಲುಪುವುದು ಕಡಿಮೆ. ನೀರು ತರುವವರು ಹೆಚ್ಚಾಗಿ ಅವರೇ ಆದ್ದರಿಂದ ಅಂಗನವಾಡಿಯಲ್ಲಿ ಇನ್ನೊಮ್ಮೆ ಓದಿ.

ನುಡಿಯಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಕಳಿಸಬೇಡಿ. ಹಳೆಯ ಫಾಂಟ್‌ನಲ್ಲಿದ್ದರೆ ಶಾಲೆಯವರ ಫೋನಲ್ಲಿ ಅಕ್ಷರವೆಲ್ಲ ಚಿತ್ರವಿಚಿತ್ರವಾಗಿ ಕಾಣುತ್ತದೆ. ಪಿಡಿಎಫ್ ಮಾಡಿ, ಸಾಧಾರಣ ಫೋನಿನಲ್ಲಿ ನೀವೇ ತೆರೆದು ನೋಡಿ, ಆಮೇಲೆ ಕಳಿಸಿ.

ಪಂಚಾಯಿತಿಗೆ ಪತ್ರ ಒಂದೇ ಸಾಲದು. ಲ್ಯಾಬ್ ವರದಿಯ ಪ್ರತಿ, ನೀರು ಹಿಡಿದ ದಿನಾಂಕ, ಜಾಗದ ವಿವರ ಸೇರಿಸಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಗ್ರಾಮೀಣ ಕುಡಿಯುವ ನೀರು ಇಲಾಖೆಗೂ ಒಂದು ಪ್ರತಿ ಹೋಗಲಿ. ಇದನ್ನು ಊರಲ್ಲಿ ಓದುವ ದಿನಕ್ಕೆ ಮೊದಲೇ ಮಾಡಿ. ಜನ ಮಾರನೇ ದಿನವೇ ಪಂಚಾಯಿತಿಗೆ ಹೋಗಿ ಕೇಳುತ್ತಾರೆ. ಪಿಡಿಒಗೆ ಆಗ ವಿಷಯವೇ ಗೊತ್ತಿಲ್ಲದಿದ್ದರೆ ಮಾತು ನೀರಿನಿಂದ ಜಗಳಕ್ಕೆ ತಿರುಗುತ್ತದೆ.

## ಹಂತ 8: ಫೋನ್ ಬಂದಾಗ

ಪತ್ರದಲ್ಲಿ ಕೊಡುವ ನಂಬರ್ ವಿಭಾಗದ್ದಾಗಿರಲಿ, ಅಥವಾ ಗೈಡ್ ಒಪ್ಪಿದರೆ ಅವರದ್ದು. ವಿದ್ಯಾರ್ಥಿಯ ನಂಬರ್ ಊರು ಬಿಟ್ಟ ಮೇಲೆ ಬದಲಾಗಬಹುದು. ಮೊದಲ ಎರಡು ಮೂರು ವಾರ ಫೋನ್ ಜಾಸ್ತಿ ಬರುತ್ತದೆ, ಆಮೇಲೆ ಬೇಸಿಗೆಯಲ್ಲಿ ಬೋರ್ ಬತ್ತಿ ಹೊಸದು ಕೊರೆಸಿದಾಗ ಮತ್ತೆ ಬರುತ್ತದೆ. ಹೊಸ ಬೋರ್‌ಗೆ ನಿಮ್ಮ ಹಳೆಯ ಅಂಕಿ ಅನ್ವಯಿಸುವುದಿಲ್ಲ, ಪಕ್ಕದಲ್ಲೇ ಕೊರೆಸಿದ್ದರೂ ಅಷ್ಟೇ. ನೀರನ್ನು ಮತ್ತೆ ಪರೀಕ್ಷೆ ಮಾಡಿಸಲು ಪಂಚಾಯಿತಿಗೆ ಅರ್ಜಿ ಕೊಡಿ ಅಂತ ಹೇಳಿ.

"ನಮ್ಮ ಮಗಳ ಹಲ್ಲು ಎಷ್ಟನೇ ದರ್ಜೆ ಅಂತ ಬರೆದಿದ್ರಿ?" ಅಂತ ಯಾರಾದರೂ ಫೋನಲ್ಲಿ ಕೇಳಿದರೆ ಅಲ್ಲೇ ಹೇಳಬೇಡಿ. ಮಾತಾಡುತ್ತಿರುವವರು ಪೋಷಕರೇ ಅಂತ ನಿಮಗೆ ತಿಳಿಯುವ ದಾರಿ ಇಲ್ಲ. ಶಾಲೆಗೆ ಬರುವ ದಿನ ಹೇಳಿ, ಮುಖಾಮುಖಿ, ಮಗುವೂ ಪಕ್ಕದಲ್ಲಿರುವಾಗ ತಿಳಿಸಿ. ಇಂಥ ಪ್ರತಿ ಫೋನನ್ನೂ ದಿನಾಂಕ, ಪ್ರಶ್ನೆ, ಕೊಟ್ಟ ಉತ್ತರ ಮಾತ್ರ ಬರೆದು, ಹೆಸರಿಲ್ಲದೆ ಒಂದು ಪುಸ್ತಕದಲ್ಲಿ ಇಟ್ಟು ಗೈಡ್ ಕೈಗೆ ಕೊಟ್ಟು ಹೋಗಿ. ಆ ಊರಿಗೆ ಮುಂದೆ ಹೋಗುವ ವಿದ್ಯಾರ್ಥಿ ಎರಡನೇ ಹಂತದ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಬಹುದು.